ಒಂದು ಕವಲು ಆಚೆಗಿಟ್ಟ ಗುರುತು

ನಮ್ಮನೆಯವರು ಜಿತೇಂದ್ರ ನಾವುಂದದಲ್ಲಿ ಮೀನಿನ ಬೋಟಿನ ಕೆಲಸ ಬಿಟ್ಟು ಟೂರಿಸ್ಟ್ ಕಾರು ಹಿಡಿದರು, ಆದರೆ ಬೋಟಿನ ಬುದ್ಧಿ ಬಿಡಲಿಲ್ಲ. ಮೀನು ಸಿಕ್ಕುವ ಜಾಗವನ್ನು ಜಿಪಿಎಸ್ಸಿನಲ್ಲಿ ಪಾಯಿಂಟ್ ಹಾಕಿಟ್ಟುಕೊಳ್ಳುವುದು, ಬೇರೆ ಬೋಟಿನವರು ಕೇಳಿದರೆ ಇಲ್ಲ ಎನ್ನದೆ ಸುಳ್ಳು ಪಾಯಿಂಟ್ ಕೊಟ್ಟು ಕಳಿಸುವುದು. ಕಡಲಲ್ಲಿ ಅದನ್ನು ಯಾರೂ ಮೋಸ ಎನ್ನುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ.

ಕಾರು ಬಂದ ಮೇಲೆ ಇವರು ಕಂಪ್ಯೂಟರಿನಲ್ಲಿ ಒಂದು ಮ್ಯಾಪು ಮಾಡಿದರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ನೋಡುವ ಜಾಗಗಳಿಗೆಲ್ಲ ಹಸಿರು, ಊಟದ ಜಾಗಗಳಿಗೆ ಕೆಂಪು, ಲಾಡ್ಜುಗಳಿಗೆ ನೀಲಿ. ಆಮೇಲೆ ಮೊಬೈಲಿನ ಮ್ಯಾಪಿನಲ್ಲಿ ಇಡೀ ಪ್ರದೇಶವನ್ನು ಡೌನ್‌ಲೋಡ್ ಮಾಡಿಕೊಂಡು, "ಇನ್ನ್ ನೆಟ್ ಇಲ್ದಿದ್ರೂ ಬತ್ತ್" ಎಂದು ಬೀಗಿದರು. ಬೋಟಿನ ಜಿಪಿಎಸ್ಸಿಗೆ ಹಾಕಿದ ಪಾಯಿಂಟ್ ಆ ಮಿಷನ್ನಿನಲ್ಲೇ ಇರುತ್ತದೆ, ಇದೂ ಹಾಗೆಯೇ ಎಂದುಕೊಂಡಿದ್ದರು. ಒಂದು ಸಲವಾದರೂ ನೆಟ್ ಆಫ್ ಮಾಡಿ ನೋಡಬಾರದಿತ್ತೇ?

ಆ ದಿನ ಕಾರಿನಲ್ಲಿ ಮುಂಬಯಿಯಿಂದ ಬಂದ, ಮೂಲತಃ ನಮ್ಮ ಕಡೆಯವರೇ ಆದ ಕುಸುಮಮ್ಮ, ಅವರ ಮಗಳು ವಿಜೇತಾ. ಹೆಂಗಸರೇ ಅಂತ ನಾನೂ ಜೊತೆಗೆ ಹೊರಟಿದ್ದೆ. ಮುದೂರಿನ ಕಡೆಯ ಕಾಡಿನಲ್ಲಿ ಜಲಪಾತ ನೋಡಿಕೊಂಡು ಹಿಂದಿರುಗುವಾಗ ಕುಸುಮಮ್ಮ ಕೇಳಿದರು, "ಜಿತೇಂದ್ರಾ, ಊಟ ಹತ್ರ ಇತ್ತಾ? ನಾನ್ ಇನ್ಸುಲಿನ್ ತಕಣ್ತೆ."

"ತಕಣಿ ಅಮ್ಮ. ವನಜಕ್ಕನ ಊಟದ ಮನೆ ಇಲ್ಲೇ" ಎಂದರು ಇವರು. ವಿಜೇತಾ ಸೂಜಿ ಚುಚ್ಚಿದಳು.

ಆಮೇಲೆ ಇವರು ಮೊಬೈಲು ತೆಗೆದರು. ಆ ಕಾಡಿನಲ್ಲಿ ನೆಟ್ ಇರಲಿಲ್ಲ. ರಸ್ತೆ ಬಂತು, ನಾವು ನಿಂತ ಜಾಗದ ಚುಕ್ಕೆಯೂ ಬಂತು. ಆದರೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಇವರು ಮಾಡಿದ ಮ್ಯಾಪು ತೆರೆಯಲು ನೆಟ್ ಬೇಕೇ ಬೇಕಂತೆ. ಡೌನ್‌ಲೋಡ್ ಆಗಿದ್ದು ಬರೀ ರಸ್ತೆಯ ನಕ್ಷೆ. ವನಜಕ್ಕನ ಮನೆಯ ಹೆಸರು ಹಾಕಿ ಹುಡುಕಿದರೆ ಸಿಗಲು, ಅದು ಮೊಬೈಲ್ ಮ್ಯಾಪಿನ ಕಂಪನಿಯವರ ನಕ್ಷೆಯಲ್ಲೇ ಇರಲಿಲ್ಲ.

"ಒಂದ್ಸಲ ಬಂದ್ ಉಂಡಿರಲೆ, ದಾರಿ ನೆನ್ಪಿಲ್ಯಾ?" ಎಂದೆ.

"ಬ್ಯಾಸಗಿಯಗೆ ಬಂದದ್. ಈಗ ಮಳಿಗೆ ಹಸ್ರ್ ಬೆಳ್ದ್ ಎಲ್ಲಾ ಕವಲೂ ಒಂದೇ ನಮೂನಿ ಕಾಂತ್."

ಒಂದು ಕವಲಿಗೆ ನುಗ್ಗಿದೆವು. ಮುಂದೆ ಬರೀ ಕಾಡು, ತಿರುಗಿಸಿಕೊಂಡು ಬಂದೆವು. ಇನ್ಸುಲಿನ್ ಚುಚ್ಚಿ ಊಟ ಸಿಗದೆ ಕುಸುಮಮ್ಮನ ಸಕ್ಕರೆ ಇಳಿಯಿತು; ಹಣೆ ಬೆವರಿತು, ಕೈ ನಡುಗಲು ಶುರುವಾಯಿತು. ಗ್ಲೂಕೋಸಿನ ಚೀಲ ಲಾಡ್ಜಿನಲ್ಲೇ ಉಳಿದಿತ್ತು. ಮಗಳು ಎಷ್ಟು ಕರೆದರೂ ಅವರು ತಡವಾಗಿ, ಏನೇನೋ ಉತ್ತರ ಕೊಡುತ್ತಿದ್ದರು.

ಆಗ ಎದುರಿಗೆ ನನ್ನ ತಮ್ಮ ರತನನ ಕಾರು ಬಂತು. ಅವನೂ ಇವರ ಜೊತೆಗೇ ಬೋಟು ಬಿಟ್ಟು ಕಾರು ಹಿಡಿದವನು.

"ಹ್ವಾಯ್, ತಿಂಬುಕೆ ಎಂತಾರೂ ಇತ್ತನಾ?" ಎಂದು ಕೂಗಿದೆ.

"ಇಲ್ಲೆ ಅಕ್ಕಾ, ಖಾಲಿ ಗಾಡಿ. ಎಂತ ಆಯ್ತ್?"

ಹೇಳಿದೆ. ಅವನು ಓಡಿ ಬಂದು ಮೊಬೈಲು ಚಾಚಿದ. "ಬಾವ ಮೊನ್ನೆ ಕಳ್ಸಿದ ಮ್ಯಾಪಿನ ಫೈಲ್ ಬೇರೆ ಆ್ಯಪಿಗೆ ಹಾಕಂಡಿದೆ. ಅದ್ಕೆ ನೆಟ್ ಬ್ಯಾಡ. ಕಾಣಿ, ವನಜಕ್ಕನ ಮನೆ!"

ನಿಜವಾಗಿಯೂ ಕೆಂಪು ಗುರುತು ಅಲ್ಲಿತ್ತು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಇವರು ಕಾರು ಸ್ಟಾರ್ಟ್ ಮಾಡಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕುಳಿತರು.

"ಹೋಯ್ನಿ ಮಾರಾಯ್ರೆ!" ಎಂದು ಕಿರುಚಿದೆ.

"ಅಲ್ ಅಲ್ಲ ಅದ್" ಎಂದರು. "ರತನಾ, ನಿಂಗೆ ಕಳ್ಸುಕೆ ಮುಂಚೆ... ಊಟದ್ ಪಾಯಿಂಟ್ ಎಲ್ಲಾ ಒಂದೊಂದ್ ಕವಲ್ ಮುಂದೆ ಸರ್ಸಿದ್ದೆ. ಅದ್ರ ಹಿಂದಿನ ಕವಲಗೆ ಹೋಯ್ಕ್."

ರತನ ಇವರ ಮುಖವನ್ನೇ ನೋಡಿದ. ಮೊಬೈಲನ್ನು ಇವರ ಕೈಗಿಟ್ಟು, ತನ್ನ ಕಾರು ಬದಿಗೆ ಸರಿಸಿ ದಾರಿ ಬಿಟ್ಟ.

ಗುರುತಿಗಿಂತ ಒಂದು ಕವಲು ಹಿಂದೆ ತಿರುಗಿದೆವು. ಬಾಳೆಗಿಡಗಳ ಹಿಂದೆ ವನಜಕ್ಕನ ಮನೆಯ ಹೊಗೆ ಕಂಡಿತು. ಅವರು ಸಕ್ಕರೆ ನೀರು ತಂದುಕೊಟ್ಟರು. ಕುಸುಮಮ್ಮ ಗುಟುಕು ಗುಟುಕಾಗಿ ಕುಡಿದರು. ಸ್ವಲ್ಪ ಹೊತ್ತಿಗೆ ನೋಟ ಸ್ಥಿಮಿತಕ್ಕೆ ಬಂತು, ಅನ್ನ ಕಲಸಿಕೊಟ್ಟರೆ ಉಂಡರು. ವಿಜೇತಾ ಅಮ್ಮನ ಭುಜಕ್ಕೆ ಒರಗಿ ಅತ್ತುಬಿಟ್ಟಳು. ನಾನು ಗಂಡನ ಕಡೆ ತಿರುಗಿಯೂ ನೋಡಲಿಲ್ಲ, ಅಷ್ಟು ಸಿಟ್ಟಿತ್ತು.

ರತನ ಹಿಂದೆಯೇ ಬಂದಿದ್ದ. ಇವರು ಎದ್ದು ಹೋಗಿ ಮೊಬೈಲು ಕೊಟ್ಟರು. "ಸರಿ ಮಾಡಿದ್ ಇನ್ನೊಂದ್ ಸಲ ಕಳ್ಸತೆ, ಎಲ್ಲವ್ದೂ" ಎಂದರು.

ಅವನು ಆ ಫೈಲನ್ನು ಇವರೆದುರೇ ಅಳಿಸಿದ. ಆಮೇಲೆ ಮೆಲ್ಲಗೆ ಹೇಳಿದ.

"ಸುಳ್ಳ್ ಪಾಯಿಂಟ್ ಕೊಡುದ್ ಬೇರೆ ಬೋಟಿನವ್ರಿಗಲ್ದಾ ಬಾವಾ? ನಾನ್ ನಿಮ್ ಬೋಟಗೇ ಇದ್ದವ."