ಶೇಕಡಾ ಎಪ್ಪತ್ತೆಂಟರ ಪಟ್ಟಣ

ಎಂಬತ್ತಾರು ಪುಟದ ವರದಿ. ಹೊಳೆಯುವ ರಟ್ಟು, ಒಳಗೆ ಬಣ್ಣಬಣ್ಣದ ಚಕ್ರಗಳು. ಹೊಲಿಗೆ ಅಂಗಡಿಯ ಯಜಮಾನಿ ಅದನ್ನು ಇಸ್ತ್ರಿಪೆಟ್ಟಿಗೆ ತಾಗದಂತೆ ಮೇಜಿನ ಆಚೆ ತುದಿಗೆ ಸರಿಸಿಟ್ಟಿದ್ದಳು. ಪಕ್ಕದ ಪಟ್ಟಣದಲ್ಲಿ ಎರಡನೇ ಅಂಗಡಿ ತೆರೆಯಬಹುದೇ ಎಂದು ಸಲಹೆಗಾರನೊಬ್ಬ ಸಮೀಕ್ಷೆ ಮಾಡಿ ಬರೆದದ್ದು. ಅಲ್ಲಿ ಬಾಡಿಗೆಗೆ ನೋಡಿಟ್ಟಿದ್ದ ಮಳಿಗೆಯವನಿಗೆ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಣ್ಣನ ಮಗಳನ್ನು ಕರೆಸಿದ್ದಳು. "ಒಂದೇ ಪುಟಕ್ಕೆ ಇಳಿಸಿಕೊಡೇ. ಹೂಂ ಅಂತ ಬರೆದರಾಯ್ತು. ಎಪ್ಪತ್ತೆಂಟು ಪರ್ಸೆಂಟ್ ಜನ ನಮ್ಮಲ್ಲೇ ಹೊಲಿಸ್ತಾರಂತೆ."

"ಉತ್ತರ ನೀವೇ ಹೇಳಿಬಿಟ್ಟರೆ ನಾನ್ಯಾಕೆ ಬರೀಬೇಕು ಅತ್ತೆ?" ಅವಳು ವರದಿಯನ್ನು ಹಿಂದಿನಿಂದ ಓದತೊಡಗಿದಳು.

ಹೂಂ ಎಂದರೆ ಇಲ್ಲಿರುವ ನಾಲ್ಕು ಯಂತ್ರಗಳಲ್ಲಿ ಎರಡು ಅತ್ತ ಹೋಗಬೇಕು, ಅವನ್ನು ತುಳಿಯುವ ಇಬ್ಬರೂ ಹೋಗಬೇಕು. ಹಿರಿಯ ಹೊಲಿಗೆಯವಳು ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ಅಲ್ಲೊಂದು ಕೋಣೆ ಹಿಡಿಯಬೇಕು. ವರದಿ ಅವಳನ್ನು ಮರೆತಿರಲಿಲ್ಲ: 'ವರ್ಗಾಯಿಸಬಹುದಾದ ಸಂಪನ್ಮೂಲ' ಎಂದು ಕರೆದಿತ್ತು.

ಎಪ್ಪತ್ತೊಂದನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ಮುಂದೆ ಅಣ್ಣನ ಮಗಳ ಬೆರಳು ನಿಂತಿತು.

"ಅತ್ತೆ, ಇವರು ಮಾತಾಡಿಸಿದ್ದು ಇನ್ನೂರ ಹನ್ನೆರಡು ಜನರನ್ನ. ಮೊದಲ ಪ್ರಶ್ನೆ, 'ಬಟ್ಟೆ ಹೊಲಿಸ್ತೀರಾ?' ಇಲ್ಲ, ಸಿದ್ಧ ಉಡುಪೇ ಕೊಳ್ತೀವಿ ಅಂದ ನೂರ ನಲವತ್ತು ಜನರನ್ನ ಅಲ್ಲೇ ಕೈಬಿಟ್ಟಿದ್ದಾರೆ. ಎಪ್ಪತ್ತೆಂಟು ಪರ್ಸೆಂಟ್ ಅನ್ನೋದು ಉಳಿದ ಎಪ್ಪತ್ತೆರಡರಲ್ಲಿ. ಅಂದ್ರೆ ಐವತ್ತಾರು ಜನ."

"ಐವತ್ತಾರೂ ಬರ್ತಾರಲ್ಲ?"

"ನಲವತ್ತೈದು 'ಬರಬಹುದು', ಹನ್ನೊಂದು 'ಖಂಡಿತ'. ಎರಡನ್ನೂ ಕೂಡಿಸಿದ್ದಾರೆ. ಎಷ್ಟು ಕೂಲಿಗೆ ಹೊಲಿಸ್ತೀರಿ ಅಂತ ಒಬ್ಬರನ್ನೂ ಕೇಳಿಲ್ಲ."

ಯಂತ್ರಗಳು ಒಂದೊಂದಾಗಿ ನಿಂತವು. ಹಿರಿಯ ಹೊಲಿಗೆಯವಳು ಹಲ್ಲಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದಳು. "ಅಕ್ಕಾ, ನಮ್ಮನ್ನೂ ಒಂದು ಮಾತು ಕೇಳಿಲ್ಲ ಬಿಡಿ. ನಾವು ಸಂಪನ್ಮೂಲ, ನಮಗೆ ಬಾಯಿ ಎಲ್ಲಿ?"

ಯಜಮಾನಿಯ ಮುಖ ಕೆಂಪಾಯಿತು. ಸಲಹೆಗಾರನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಮೇಡಂ, ಸಿದ್ಧ ಉಡುಪಿನವರು ನಿಮ್ಮ ಗುರಿ ಗ್ರಾಹಕರಲ್ಲ," ಧ್ವನಿ ಬೆಣ್ಣೆಯಂತಿತ್ತು. "ಅವರನ್ನ ಸೇರಿಸಿದ್ರೆ ಅಂಕಿ ಚೆನ್ನಾಗಿ ಕಾಣಲ್ಲ."

"ಅಂಕಿಯ ಅಂದ ಕಟ್ಕೊಂಡು ನಾನೇನು ಮಾಡ್ಲಪ್ಪಾ? ಖಂಡಿತ ಅಂದ ಹನ್ನೊಂದು ಜನರಿಗೆ ಅಂಗಡಿ ಯಾಕೆ? ವಿಳಾಸ ಕೊಡು, ಇಲ್ಲಿಂದಲೇ ಹೊಲಿದು ಬಸ್ಸಿಗೆ ಹಾಕ್ತೀನಿ."

"ವಿಳಾಸ ಗೋಪ್ಯ ಮೇಡಂ. ಬೇಕಿದ್ರೆ ಬಸ್ಸಲ್ಲಿ ಕಳಿಸೋದರ ಬಗ್ಗೆ ಹೊಸ ಸಮೀಕ್ಷೆ ಮಾಡೋಣ. ಶುಲ್ಕ ಬೇರೆ."

ಯಜಮಾನಿ ಕರೆ ತುಂಡರಿಸಿದಳು. ಅಣ್ಣನ ಮಗಳು ಬಿಳಿ ಹಾಳೆ ಮುಂದಿಟ್ಟುಕೊಂಡು ಕಾದಿದ್ದಳು.

"ಏನು ಬರೀಲಿ?"

"ನೀನು ಓದಿದ್ದನ್ನೇ ಬರಿ. ಆ ನೂರ ನಲವತ್ತನ್ನ ದಪ್ಪ ಅಕ್ಷರದಲ್ಲಿ ಬರಿ."

ಮಳಿಗೆಯವನಿಗೆ ಬೇಡವೆಂದು ಹೇಳಿದ್ದು ಹಿರಿಯ ಹೊಲಿಗೆಯವಳು. ಯಜಮಾನಿಯೇ ಫೋನನ್ನು ಅವಳ ಕೈಗೆ ಕೊಟ್ಟಿದ್ದಳು.