ಟ್ರಿಪ್ಪಿಗೆ ನಲವತ್ತು ಲೀಟರ್

ಬೆಳಗ್ಗೆ ಒಂಬತ್ತಕ್ಕೆ ವರದಿ ರಿಫ್ರೆಶ್ ಆಯಿತು. ಒಂಬತ್ತೂ ಕಾಲಿಗೆ ಅಂಕಿಯಮ್ಮನ ಸೋದರಮಾವ ಕಳ್ಳನಾಗಿದ್ದ.

ಅಂಕಿಯಮ್ಮ ಎಂಬುದು ನೀರು ಸರಬರಾಜು ಕಚೇರಿಯವರು ಅವಳಿಗಿಟ್ಟ ಹೆಸರು. ಟ್ಯಾಂಕರ್‌ಗಳ ಮೀಟರ್ ಕಳಿಸುವ ಅಂಕಿಗಳನ್ನು ಸೋಸಿ, ಕೂಡಿಸಿ, ಸಾಹೇಬರ ಪರದೆಗೆ ತಲುಪಿಸುವುದು ಅವಳ ಕೆಲಸ. ಆ ದಾರಿಗೂ ಪೈಪ್‌ಲೈನ್ ಎಂದೇ ಹೆಸರು, ಹರಿಯುವುದು ಮಾತ್ರ ನೀರಲ್ಲ. ಮಾವ ಅದೇ ಕಚೇರಿಯ ಹಿಂದಿನ ಯಾರ್ಡಿನ ಮೇಲ್ವಿಚಾರಕ. ಇಪ್ಪತ್ತಾರು ವರ್ಷದ ಸರ್ವಿಸು. ಎಷ್ಟು ನೀರು ತುಂಬಿತು, ಎಷ್ಟು ನೀರು ಜನರ ತೊಟ್ಟಿಗೆ ಬಿತ್ತು ಎಂಬುದಕ್ಕೆ ಅವನೇ ಜವಾಬ್ದಾರ.

ಪರದೆಯ ಮೇಲೆ ವಾರದ ಲೆಕ್ಕ ನಿಂತಿತ್ತು. ತುಂಬಿದ್ದು ಮೂವತ್ನಾಲ್ಕು ಲಕ್ಷದ ಎಂಬತ್ತೊಂದು ಸಾವಿರದ ಆರುನೂರು ಲೀಟರ್. ಸುರಿದದ್ದು ಮೂವತ್ನಾಲ್ಕು ಲಕ್ಷದ ಐವತ್ತಾರು ಸಾವಿರ. ಇಪ್ಪತ್ತೈದು ಸಾವಿರದ ಆರುನೂರು ಲೀಟರ್ ಮಂಗಮಾಯ. ಹೆಚ್ಚುಕಮ್ಮಿ ಐದು ಟ್ಯಾಂಕರ್ ನೀರು! ಅದಕ್ಕಿಂತ ಕೆಟ್ಟದ್ದು ಕೆಳಗಿತ್ತು. ಹಿಂದಿನ ಹನ್ನೆರಡು ವಾರಗಳಲ್ಲೂ ಅಷ್ಟಷ್ಟೇ ಕೊರತೆ.

ಸಾಹೇಬರು ಅವಳ ಮೇಜಿನ ಬಳಿಗೇ ಬಂದರು. "ನೋಡಮ್ಮ, ನಿನ್ನ ಮಾವ ಅಂತ ನಾನು ಸುಮ್ಮನಿರಕ್ಕಾಗಲ್ಲ. ಬೇಲಿನೇ ಎದ್ದು ಹೊಲ ಮೇಯ್ತಿದೆ. ಹನ್ನೊಂದು ಗಂಟೆಗೆ ಸಸ್ಪೆಂಡ್ ಆರ್ಡರ್ ಕೊಡ್ತೀನಿ. ಕೀ ಗೊಂಚಲು ಆಗಲೇ ಇಸ್ಕೊಂಡಿದೀನಿ."

ಅವಳಿಗೆ ಮೊದಲು ಬಂದ ಯೋಚನೆ ನೆನೆದರೆ ನಾಚಿಕೆಯಾಗಬೇಕು: ಮಾವ ಹೋದ ತಿಂಗಳು ಮನೆಗೆ ಹೊಸ ಮೋಟರ್ ಹಾಕಿಸಿದ್ದನಲ್ಲ, ದುಡ್ಡು ಎಲ್ಲಿಂದ ಬಂತು? ತಂದೆಯಿಲ್ಲದ ತನ್ನನ್ನು ಓದಿಸಿದ ಮನುಷ್ಯನ ಮೇಲೆ ಹೀಗೊಂದು ಸಂಶಯ. ಅಂಕಿ ಮುಂದೆ ನಿಂತರೆ ನಂಬಿಕೆ ಎಷ್ಟು ಬೇಗ ಕಾಲಿಗೆ ಬುದ್ಧಿ ಹೇಳುತ್ತದೆ ನೋಡಿ.

ಕಿಟಕಿಯಾಚೆ ಮಾವ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಡ್ರೈವರ್‌ಗಳು ಅವನನ್ನು ನೋಡದವರ ಹಾಗೆ ಹಾದುಹೋಗುತ್ತಿದ್ದರು. ಇನ್ನೂ ಒಂದೂವರೆ ಗಂಟೆಯಿತ್ತು.

ಅವಳು ಮತ್ತೆ ಲೆಕ್ಕ ನೋಡಿದಳು. ಐವತ್ತಾರು ಸಾವಿರ, ಕೊನೆಗೆ ಮೂರು ಸೊನ್ನೆ. ಮೀಟರ್ ಎಂದಾದರೂ ಇಷ್ಟು ಅಚ್ಚುಕಟ್ಟಾಗಿ ಓಡಿದ್ದುಂಟೆ? ವಾರಕ್ಕೆ ಆರುನೂರ ನಲವತ್ತು ಟ್ರಿಪ್ಪು. ಭಾಗಿಸಿದಳು. ಐದು ಸಾವಿರದ ನಾನೂರು, ಶೇಷವೇ ಇಲ್ಲ.

ತಾನೇ ಬರೆದ ಒಂದು ಸಾಲು ನೆನಪಾಯಿತು.

ಹಿಂದಿನ ಸಂಜೆ ಸಾಹೇಬರು ಟ್ರಿಪ್ಪುಗಳ ಪಟ್ಟಿ ನೋಡಿ ಮೂಗು ಮುರಿದಿದ್ದರು. "ಏನಮ್ಮ ಇದು, ಐದು ಸಾವಿರದ ನಾನೂರ ಮೂವತ್ತೆಂಟು, ನಲವತ್ತೊಂದು? ಇರುವೆ ಸಾಲು ಇದ್ದಂಗಿದೆ. ನೂರರ ಲೆಕ್ಕದಲ್ಲಿ ತೋರ್ಸು." ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಒಂದು ಸಾಲು ಬರೆದಿದ್ದಳು: ಹತ್ತಿರದ ನೂರಕ್ಕೆ ದುಂಡುಮಾಡು. ಬರೆದದ್ದು ತೋರಿಸುವ ಜಾಗದಲ್ಲಲ್ಲ, ಮೀಟರಿನಿಂದ ಅಂಕಿ ಒಳಗೆ ಬರುವ ಮೊದಲ ಹಂತದಲ್ಲಿ. ಅಂದರೆ ಕೂಡಿಸುವುದಕ್ಕೆ ಮುಂಚೆಯೇ ಪ್ರತಿ ಟ್ರಿಪ್ಪಿನ ಬಾಲ ಕತ್ತರಿಸಿ ಹೋಗಿತ್ತು.

ಅಂಕಿಗಳು ಮನಸ್ಸಿಗೆ ಬಂದಂತೆ ಇದ್ದರೆ ಅಷ್ಟು ತೊಂದರೆಯಿಲ್ಲ. ಒಂದು ಕೆಳಗಿಳಿದರೆ ಇನ್ನೊಂದು ಮೇಲೇರಿ ಬಹುಪಾಲು ಸರಿಹೋಗುತ್ತದೆ. ಇಲ್ಲಿ ಎಲ್ಲಾ ಟ್ಯಾಂಕರ್‌ಗೂ ಒಂದೇ ಅಳತೆ. ಸುರಿಯುವುದು ಐದು ಸಾವಿರದ ನಾನೂರ ನಲವತ್ತರ ಆಸುಪಾಸು, ನಾನೂರ ಐವತ್ತು ದಾಟುವುದೇ ಇಲ್ಲ. ಎಲ್ಲವೂ ಕೆಳಗೇ ಇಳಿದವು, ಟ್ರಿಪ್ಪಿಗೆ ಸುಮಾರು ನಲವತ್ತು ಲೀಟರ್. ಹನಿ ಹನಿ ಕೂಡಿ ಹಳ್ಳವಾಗುವುದೇನೋ ಸರಿ, ಇಲ್ಲಿ ಹನಿ ಹನಿ ಕಳೆದು ಮಾವನಿಗೆ ಹಳ್ಳ ತೋಡಿತ್ತು. ತುಂಬುವ ಕಡೆ ಒಂದೇ ದೊಡ್ಡ ಮೀಟರ್, ವಾರಕ್ಕೊಮ್ಮೆ ಓದುವುದು, ಅಲ್ಲಿ ಬಾಲ ಕತ್ತರಿಸುವ ಮಾತೇ ಇಲ್ಲ. ರಿಫ್ರೆಶ್ ಆದಾಗ ಹಳೆಯ ವಾರಗಳೂ ಮೊದಲಿಂದ ಲೆಕ್ಕವಾಗಿದ್ದರಿಂದ ಮೂರು ತಿಂಗಳ ಪಾಪ ಒಂದೇ ಬೆಳಗ್ಗೆ ಹುಟ್ಟಿಕೊಂಡಿತ್ತು.

ವರದಿಯ ಒಂದು ನಕಲನ್ನು ಬೇರೆ ಮಾಡಿಕೊಂಡು ಅದರಲ್ಲಿ ಆ ಸಾಲು ಅಳಿಸಿ ನೋಡಿದಳು. ಕೊರತೆ ಮುನ್ನೂರ ಅರವತ್ತು ಲೀಟರ್, ಪೈಪಿನ ಬಾಯಲ್ಲಿ ಚೆಲ್ಲಿದ ನೀರು. ಉಸಿರು ಬಂತು, ಬಂದಷ್ಟೇ ಬೇಗ ಹೋಯಿತು. ಮಾವನ ಮೇಲೆ ಆರೋಪ ಬಂದ ಒಂದು ಗಂಟೆಯೊಳಗೆ ಸೋದರಸೊಸೆ ಅಂಕಿ ಸರಿಮಾಡಿದಳು ಎಂದರೆ ಯಾರು ನಂಬುತ್ತಾರೆ? ಸದ್ದಿಲ್ಲದೆ ತಿದ್ದಿ "ಸಿಸ್ಟಂ ಕೈಕೊಟ್ಟಿತ್ತು ಸಾರ್" ಎನ್ನಬಹುದಿತ್ತು. ಅವಳದು ವರ್ಷದ ಕಾಂಟ್ರಾಕ್ಟು, ಮುಂದಿನ ತಿಂಗಳು ಮುಗಿಯುವುದು. ಪಾಪದ ಕಂಪ್ಯೂಟರು, ಬೈದರೂ ತಿರುಗಿ ಬೈಯದು.

ಹತ್ತೂ ಮುಕ್ಕಾಲಿಗೆ ಸಾಹೇಬರ ಕೋಣೆಗೆ ಹೋದಳು. ಆರ್ಡರ್ ಟೈಪಾಗಿ ಮೇಜಿನ ಮೇಲೆ ಬಿದ್ದಿತ್ತು.

"ಸಾರ್, ಕಳ್ಳತನ ಆಗಿಲ್ಲ. ತಪ್ಪು ನಂದು."

"ಮಾವನ್ನ ಉಳಿಸಕ್ಕೆ ನೀನು ಬಲಿಯಾಗ್ತೀಯೇನು?"

"ನನ್ನ ನಂಬಬೇಡಿ ಸಾರ್. ಡ್ರೈವರ್‌ಗಳು ಮೀಟರ್ ನೋಡಿ ಬರೆದ ಟ್ರಿಪ್ ಚೀಟಿ ನಿಮ್ಮ ಬೀರುವಲ್ಲೇ ಇವೆ, ಬೀಗ ನಿಮ್ಮ ಹತ್ರ. ಯಾವುದಾದ್ರೂ ಟ್ಯಾಂಕರಿಂದು ಒಂದು ದಿನದ ಚೀಟಿ ನೀವೇ ತೆಗೀರಿ. ನೀವೇ ಕೂಡ್ಸಿ."

ಸಾಹೇಬರು ಗೊಣಗುತ್ತಲೇ ಒಂದು ಕಟ್ಟು ಎಳೆದರು. ಏಳು ಚೀಟಿ. ಕ್ಯಾಲ್ಕುಲೇಟರ್ ಒತ್ತತೊಡಗಿದರು: ಐದು ಸಾವಿರದ ನಾನೂರ ಮೂವತ್ತೆಂಟು, ನಲವತ್ತೊಂದು, ಮೂವತ್ತಾರು... ಒಟ್ಟು ಮೂವತ್ತೆಂಟು ಸಾವಿರದ ಎಪ್ಪತ್ತನಾಲ್ಕು. ಅದೇ ಟ್ರಿಪ್ಪುಗಳಿಗೆ ಪರದೆ ತೋರಿಸಿದ್ದು ಮೂವತ್ತೇಳು ಸಾವಿರದ ಎಂಟುನೂರು. ಸಾಹೇಬರು ಎರಡನೇ ಸಲ ಕೂಡಿಸಿದರು. ಅದೇ ಉತ್ತರ.

"ಇನ್ನೂರ ಎಪ್ಪತ್ತನಾಲ್ಕು ಲೀಟರ್ ಎಲ್ಲಿ ಹೋಯ್ತು?"

"ನಿನ್ನೆ ಸಂಜೆ ನಾನು ಬರೆದ ಒಂದು ಸಾಲಿಗೆ ಹೋಯ್ತು ಸಾರ್. ದುಂಡು ಮಾಡೋದು ತೋರಿಸೋವಾಗ ಮಾತ್ರ ಮಾಡ್ಬೇಕಿತ್ತು. ನಾನು ಕೂಡ್ಸೋಕೆ ಮುಂಚೆ ಮಾಡ್ಬಿಟ್ಟೆ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವಳು ತಿದ್ದಿದ ಪ್ರತಿ ತೋರಿಸಿದಳು. ಸಾಹೇಬರ ಕಣ್ಣು ಕೆಳಗಿನ ಪಟ್ಟಿಗೆ ಹೋಯಿತು. ಐದು ಏರಿಯಾದ ನೀರು, ಸಾವಿರ ಲೀಟರಿನ ಲೆಕ್ಕದಲ್ಲಿ.

"ಇದೂ ಕೂಡಲ್ವಲ್ಲಮ್ಮ! ಐದೂ ಸೇರಿದ್ರೆ ಮೂರು ಸಾವಿರದ ನಾನೂರ ಎಪ್ಪತ್ತೊಂಬತ್ತು. ಒಟ್ಟು ಅಂತ ಎಂಬತ್ತೊಂದು ಬರೆದಿದೀಯ."

"ಐದರಲ್ಲೂ ಅರ್ಧ ಸಾವಿರಕ್ಕಿಂತ ಕಮ್ಮಿ ಚೂರು ಬಿಟ್ಟುಹೋಗಿದೆ ಸಾರ್. ಒಟ್ಟು ಮಾತ್ರ ಪೂರ್ತಿ ಅಂಕಿಯಿಂದ ಕೂಡಿದ್ದು, ಅದು ಸರಿ."

"ಮೇಲಿನೋರು ಕೇಳ್ತಾರೆ. ಆ ಎರಡನ್ನ ದೊಡ್ಡ ಏರಿಯಾಕ್ಕೆ ಸೇರ್ಸಿಬಿಡು, ಪೀಡೆ ಕಳೀತು."

"ಬೇಡ ಸಾರ್. ಇವತ್ತು ಅಲ್ಲಿ ಇಲ್ಲದ ಎರಡು ಸಾವಿರ ಲೀಟರ್ ಬರೆದ್ರೆ, ನಾಳೆ ಅಲ್ಲಿನ ಮೇಲ್ವಿಚಾರಕನೂ ಆ ಬೆಂಚಲ್ಲಿ ಕೂರ್ತಾನೆ." ಅವಳು ಪಟ್ಟಿಯ ಅಡಿಯ ಖಾಲಿ ಜಾಗ ತೋರಿಸಿದಳು. "ಕೆಳಗೆ ಒಂದು ಸಾಲು ಬರೀತೀನಿ, ದುಂಡು ಮಾಡಿರೋದ್ರಿಂದ ಬಿಡಿ ಅಂಕಿ ಒಟ್ಟಿಗೆ ಹೊಂದದಿರಬಹುದು ಅಂತ."

ಸಾಹೇಬರು ಆರ್ಡರನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಕಾಂಟ್ರಾಕ್ಟಿನ ಮಾತು ಆಮೇಲೆ ಆಡೋಣ" ಎಂದರು. ಆ ಮಾತಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಬೆಂಚಿನ ಬಳಿ ನಿಂತು ಮಾವನಿಗೆ ಎಲ್ಲವನ್ನೂ ಹೇಳಿದಳು, ತಪ್ಪು ತನ್ನದೆಂಬುದನ್ನೂ. ಅವನು ಬೈಯಲಿಲ್ಲ. ನೆಲ ನೋಡುತ್ತಲೇ ಕೇಳಿದ:

"ಪುಟ್ಟಿ, ಬೆಳಗ್ಗೆ ಅದನ್ನ ನೋಡ್ದಾಗ... ನಿಂಗೂ ಅನ್ನಿಸ್ತಾ, ನಾನು ಕದ್ದೆ ಅಂತ?"

ಇಲ್ಲ ಎನ್ನುವುದು ಎಷ್ಟು ಸುಲಭವಿತ್ತು. ಅವನೂ ಅದನ್ನೇ ಕಾಯುತ್ತಿದ್ದ.

"ಅನ್ನಿಸ್ತು ಮಾವ. ಸ್ವಲ್ಪ ಹೊತ್ತು."

ಮಾವ ತಲೆಯಾಡಿಸಿದ. ಎದ್ದು ಅವಳ ತಲೆ ಮುಟ್ಟಲು ಕೈಯೆತ್ತಿದವನು ಅರ್ಧಕ್ಕೇ ಇಳಿಸಿ, ಯಾರ್ಡಿನ ಕಡೆ ನಡೆದ.