ನಾಲಿಗೆಗೆ ತಾಗದ ಉಪ್ಪು

ಶಾಂಭವಿಯ ಅಡುಗೆಮನೆಗೆ ವಾರಕ್ಕೆ ನಾಲ್ಕು ದಿನ ದಾಳಿಯಾಗುತ್ತಿತ್ತು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ, ಮೀನಿನ ಚೀಲದೊಂದಿಗೆ. ದಾಳಿ ಮಾಡುತ್ತಿದ್ದವಳು ಗಂಗೊಳ್ಳಿಯ ಅತ್ತೆ ಸೀತು.

ಸಾಲಿಗ್ರಾಮದ ಬ್ರಾಹ್ಮಣರ ಹುಡುಗಿ, ಗಂಗೊಳ್ಳಿಯ ಮೀನುಗಾರರಾದ ಕೊಂಕಣಿ ಖಾರ್ವಿಗಳ ಹುಡುಗ. ಕೋಟೇಶ್ವರದಲ್ಲಿ ಬಾಡಿಗೆ ಮನೆ ಹಿಡಿಯುವ ಮೊದಲೇ ಇಬ್ಬರೂ ಕರಾರು ಮಾಡಿಕೊಂಡಿದ್ದರು. ಸೋಮವಾರ, ಗುರುವಾರ, ಶನಿವಾರ ಮೀನಿಲ್ಲ. ಉಳಿದ ದಿನ ಹಿಂದಿನ ಜಗಲಿಯ ಒಲೆಯಲ್ಲಿ, ಬೇರೆ ಮಡಕೆ, ಬೇರೆ ಸೌಟು. ಏಕಾದಶಿಗೂ ಮೀನಿಲ್ಲ ಎಂದಾಗ ಗಂಡ ವಿಶಾಲ್ ಒಪ್ಪಿದ. ಅವಳು ಮೆಲ್ಲಗೆ ಸಂಕಷ್ಟಿಯನ್ನೂ ಸೇರಿಸಲು ನೋಡಿದಾಗ ಪಂಚಾಂಗವನ್ನೇ ಅಡಗಿಸಿಟ್ಟ.

ಮೀನು ಮಾಡುವವರು ಯಾರು ಎಂಬುದೊಂದು ಮಾತ್ರ ಕರಾರಿನಲ್ಲಿ ಬಿಟ್ಟುಹೋಗಿತ್ತು. ಆ ಸಂದಿಯಲ್ಲಿ ಅತ್ತೆ ಒಳಗೆ ಬಂದಳು. ಜಗಲಿಯಲ್ಲಿ ಮೀನು ಕುದಿಯುವಷ್ಟರಲ್ಲಿ ಒಳಗಿನ ಅಡುಗೆಮನೆಗೆ ಬಂದು ಬೆಲ್ಲದ ಡಬ್ಬಿಯನ್ನು ಮೇಲಿನ ಹಲಗೆಗೇರಿಸುವಳು, ಸಾಸಿವೆಯನ್ನು ಮೆಂತೆಯ ಹಿಂದಕ್ಕೆ ತಳ್ಳುವಳು, ಸಾರಿನ ಮುಚ್ಚಳ ತೆಗೆದು "ಇದ್ ಸಾರಾ, ಕೈ ತೊಳ್ದ್ ನೀರಾ?" ಎನ್ನುವಳು. ಬ್ಯಾಂಕಿನ ಕೆಲಸ ಮುಗಿಸಿ ಬಂದ ಶಾಂಭವಿಗೆ ಸ್ವಂತ ಅಡುಗೆಮನೆಯಲ್ಲೇ ದಾರಿ ತಪ್ಪುತ್ತಿತ್ತು. ಅವಳಿಗೆ ಬೇಕಾದದ್ದು ಇಷ್ಟೇ: ತಾನಿಟ್ಟ ಡಬ್ಬಿ ತಾನಿಟ್ಟಲ್ಲೇ ಇರಬೇಕು.

"ಮೀನು ನಾನೇ ಮಾಡ್ತೆ ಅತ್ತೆ," ಅಂದಳು ಒಂದು ದಿನ. "ತಿನ್ನುದಿಲ್ಲ ಅಂದದ್ದು. ಮಾಡುದಿಲ್ಲ ಅನ್ಲಿಲ್ಲ."

ಸೀತು ನಗುತ್ತಾ ಮೆಟ್ಟಿಲ ಮೇಲೆ ಕೂತಳು. "ನಾಲ್ಗಿಗ್ ತಾಗ್ಸ್ದೆ ಉಪ್ಪ್ ಹ್ಯಾಂಗ್ ಗೊತ್ತಾತ್ತ್ ಹೆಣೆ?"

"ಉಪ್ಪು ಸರಿ ಆದ್ರೆ?"

"ಆದ್ರೆ ಮತ್ತ್ ನಿನ್ನ ಅಡ್ಗಿಮನಿಗ್ ಕಾಲ್ ಹಾಕುದಿಲ್ಲೆ. ಆಗ್ದಿದ್ರೆ ಗುರುವಾರವೂ ಮೀನ್!"

ಹೋಳಿಯ ದಿನಗಳಲ್ಲಿ ಸೀತುವಿನ ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಹೋಳಿ ಮುಗಿದ ಮೇಲೆ ನೆಂಟರಿಗೆಲ್ಲ ಮೀನೂಟ. ಈ ಸಲದ ಊಟ ಕೋಟೇಶ್ವರದಲ್ಲಿ, ಹತ್ತು ಜನರಿಗೆ, ಶಾಂಭವಿಯದೇ ಅಡುಗೆ ಎಂದು ನಿಶ್ಚಯವಾಯಿತು. ಅವತ್ತು ಸೀತು ಬಂಗುಡೆ ಮೀನು ಹೆಚ್ಚಿ ತೊಳೆದುಕೊಟ್ಟು, ಮಗಳು ಹರಿಣಾಕ್ಷಿಗೆ ಕೊಂಕಣಿಯಲ್ಲಿ, "ಒಂದು ಬಾಟಲಿ ಉಪ್ಪಿನಕಾಯಿ ತೆಗೆದಿಡು, ಪಾಪ, ಜನ ಉಣ್ಣಬೇಕಲ್ಲ," ಅಂದಳು. ಮದುವೆಯಾದ ಎರಡು ವರ್ಷದಲ್ಲಿ ಸೊಸೆ ಕೊಂಕಣಿ ಕಲಿತದ್ದು ಅವಳಿಗೆ ಗೊತ್ತಿರಲಿಲ್ಲ. ಶಾಂಭವಿ ಹೇಳಿಯೂ ಇರಲಿಲ್ಲ. ತಿಳಿಯದವಳಂತೆ ಇದ್ದರೆ ಕೇಳಲು ಸಿಗುವುದು ಹೆಚ್ಚು.

ಮಸಾಲೆ ಅರೆದಾಯಿತು. ಉಪ್ಪಿನ ಹೊತ್ತಿಗೆ ಶಾಂಭವಿ ಫೋನ್ ಹಿಡಿದು ಬಾವಿಕಟ್ಟೆಗೆ ಹೋದಳು. ಅವಳಪ್ಪ ಶ್ರೀಕರ ಐತಾಳರು ಮೂವತ್ತು ವರ್ಷ ದೇವಸ್ಥಾನದಲ್ಲಿ ನೈವೇದ್ಯ ಮಾಡಿದವರು. ದೇವರಿಗಿಂತ ಮೊದಲು ಯಾರೂ ರುಚಿ ನೋಡುವಂತಿಲ್ಲ. ಮುಷ್ಟಿಯ ಅಳತೆ, ಹಬೆಯ ಪರಿಮಳ, ಅಷ್ಟೇ ಅವರ ನಾಲಿಗೆ. ಅವರು ಮಗಳ ಮನೆಗೆ ಬಂದರೆ ಒಳಗೆ ಬಾರದೆ ಮುಂದಿನ ಜಗಲಿಯಲ್ಲೇ ಕೂತು ಸೀಯಾಳ ಕುಡಿದು ಹೋಗುವವರು.

"ಅಪ್ಪಯ್ಯ, ಹತ್ತು ಜನರ ಹುಳಿಗೆ ಉಪ್ಪೆಷ್ಟು?"

"ತರಕಾರಿ ಎಂತದ್ದು ಮಗಾ?"

"ಅದು... ಮೆತ್ತನೆಯದ್ದು. ಬೇಗ ಬೇಯ್ತದೆ."

ಅಪ್ಪಯ್ಯ ದನಿ ತಗ್ಗಿಸಿದರು. "ಗದ್ದೆಯಲ್ಲಿ ಬೆಳೆದದ್ದಾ, ಉಪ್ಪುನೀರಲ್ಲಿ ಬೆಳೆದದ್ದಾ?"

ಶಾಂಭವಿ ಒಲೆಯ ಕಡೆ ಒಮ್ಮೆ ತಿರುಗಿ ನೋಡಿದಳು. "ಉಪ್ಪುನೀರು," ಅಂದಳು ಸಣ್ಣಗೆ.

"ಹಾಗಾದ್ರೆ ನಮ್ಮ ಅಳತೆಯಲ್ಲಿ ಒಂದು ಚಿಟಿಕೆ ಕಮ್ಮಿ ಮಾಡು. ಮೊದಲು ಹುಳಿ, ಉಪ್ಪು ಹಾಕಿ ಮಸಾಲೆ ಕುದಿಸು. ಹಬೆಯಲ್ಲಿ ಹಸಿ ವಾಸನೆ ಹೋದ ಮೇಲೆ ನಿನ್ನ ತರಕಾರಿ ಬಿಡು. ಆಮೇಲೆ ಸೌಟು ಆಡಿಸ್ಬೇಡ, ಮುರೀತದೆ." ಫೋನ್ ಇಡುವ ಮೊದಲು ಮತ್ತೊಂದು ಮಾತು: "ಅಮ್ಮನ ಹತ್ರ ಬದನೆಕಾಯಿ ಅಂತ ಹೇಳ್ತೆ."

ಊಟಕ್ಕೆ ಕೂತ ಮೇಲೆ ಎಲ್ಲರ ಕಣ್ಣೂ ಸೀತುವಿನ ಅಣ್ಣ ಚಂದು ಮಾವನ ಬಾಯಿಯ ಮೇಲೆ. ನಲವತ್ತು ವರ್ಷ ಕಡಲಿಗೆ ಹೋದ ಬಾಯಿ ಅದು. ಮಾವ ಬಟ್ಟಲು ಖಾಲಿ ಮಾಡಿ ಮುಂದೆ ಚಾಚಿದರು. ಎರಡನೇ ಸಲವೂ ಚಾಚಿದರು. ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆರೆಯದೆ ಕೂತಿತ್ತು.

ಶಾಂಭವಿ ಅಚ್ಚ ಕೊಂಕಣಿಯಲ್ಲಿ ಕೇಳಿದಳು, "ಉಪ್ಪು ಹೇಗಿದೆ ಅತ್ತೆ?"

ಹರಿಣಾಕ್ಷಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಎರಡು ವರ್ಷದಿಂದ ಏನೇನು ಆಡಿದ್ದೇವೆಂದು ತಾಯಿ ಮಗಳು ಮುಖ ಮುಖ ನೋಡಿ ಲೆಕ್ಕ ಹಾಕಿದರು.

"ಉಪ್ಪ್ ಸಮ ಇತ್ತ್," ಅಂದಳು ಸೀತು ಕೊನೆಗೆ. "ಹುಳಿ ಒಂಚೂರ್ ಕಮ್ಮಿ."

"ಪಂಥ ಉಪ್ಪಿಂದು," ಅಂದಳು ಶಾಂಭವಿ.

ಆಡಿದ ಮಾತಿಗೆ ತಪ್ಪುವವಳಲ್ಲ ಸೀತು. ಹೊರಡುವಾಗ ಬೆಲ್ಲದ ಡಬ್ಬಿಯನ್ನು ಕೆಳಗಿಳಿಸಿ, ಸಾಸಿವೆಯನ್ನು ಮುಂದಿಟ್ಟು, ಕೈ ಒರೆಸಿಕೊಂಡಳು. ಆದರೆ ಮುಖದಲ್ಲಿ ಸೋತವಳ ಕಳೆಯೇ ಇಲ್ಲ.

"ನಂಗೂ ಗಂಟ್ ನೋವ್, ಬಸ್ ಹತ್ತೂಕಾತ್ತಿಲ್ಲೆ. ನಾಳಿಂದ ಮೀನ್ ಮಾತ್ರ ಕಳ್ಸ್ತೆ. ವಾರಕ್ಕ್ ನಾಲ್ಕ್ ದಿನ ನೀನೇ ಮಾಡ್ ಹೆಣೆ!"

ಅತ್ತೆಯ ರಿಕ್ಷಾ ತಿರುವು ದಾಟುವವರೆಗೂ ಶಾಂಭವಿ ಬಾಯಿ ತೆರೆದುಕೊಂಡೇ ನಿಂತಿದ್ದಳು. ಗೆದ್ದದ್ದು ಅಡುಗೆಮನೆ, ಜೊತೆಗೆ ಬಂದದ್ದು ಮೀನಿನ ಒಲೆ. ಹಿಂದೆ ವಿಶಾಲ್ ಬಾಗಿಲಿಗೊರಗಿ ನಗುತ್ತಿದ್ದ.

ಮರುದಿನ ಬುಧವಾರ. ಅವಳು ಜಗಲಿಯಲ್ಲಿ ಕುರ್ಚಿ ಹಾಕಿ, ಕಾಲ ಮೇಲೆ ಕಾಲಿಟ್ಟು ಕೂತಳು. ಒಲೆಯ ಮುಂದೆ ಲುಂಗಿ ಎತ್ತಿ ಕಟ್ಟಿದ ವಿಶಾಲ್.

"ಉಪ್ಪಿನ ಮುಷ್ಟಿ ಅಷ್ಟು ಬಿಚ್ಚಬೇಡಿ," ಅಂದಳು. "ಇನ್ನೂ ಸ್ವಲ್ಪ... ಹಾಂ, ಸಾಕು. ಹ್ವಾಯ್, ರುಚಿ ನೋಡುದಲ್ಲ, ಮೂಸಿ!"